ಬಾಲ್ಕನಿಗೆ ವಾರ್ಮಾ, ಕೂಲಾ? ಲೈಟ್ ಎಲ್ಲಿಟ್ಟರೆ ಜಾಗ ಆಳವಾಗಿ ಕಾಣುತ್ತದೆ?

ಹೊಸ ಬಾಲ್ಕನಿ: ನಮ್ಮ ಬಾಲ್ಕನಿ 5 ಅಡಿ ಅಗಲ, 12 ಅಡಿ ಉದ್ದ. ಸೀಲಿಂಗ್ ಮಧ್ಯೆ ಒಂದು ಬಿಳಿ ಪ್ಯಾನೆಲ್ ಲೈಟ್ ಇದೆ. ಹಾಕಿದರೆ ಎಲ್ಲ ಚಪ್ಪಟೆ. ಆರಿಸಿದರೆ ಹಾಲ್‌ನ ಗಾಜಿನ ಬಾಗಿಲಲ್ಲಿ ನಮ್ಮ ಮುಖವೇ ಕಾಣುತ್ತದೆ. ವಾರ್ಮ್ ಹಾಕಲಾ, ಕೂಲ್ ಹಾಕಲಾ? ಎಲ್ಲಿ ಇಡಲಿ? ಅನುಭವ ಇದ್ದವರು ಹೇಳಿ.

ಟೆರೇಸ್ ತೋಟ: ಹತ್ತಿರ ವಾರ್ಮ್, ದೂರ ಕೂಲ್. ಇಷ್ಟೇ ಸೂತ್ರ. ದೂರದ ಬೆಟ್ಟ ನೀಲಿಯಾಗಿ ಕಾಣುವುದಿಲ್ಲವೇ? ಕಣ್ಣಿಗೆ ನೀಲಿ ಅಂದರೆ ದೂರ. ನಮ್ಮ ಟೆರೇಸ್‌ನಲ್ಲಿ ಕೂರುವ ಜಾಗಕ್ಕೆ 3000 ಕೆಲ್ವಿನ್‌ನ ವಾರ್ಮ್ ಲೈಟ್, ಕೊನೆಯಲ್ಲಿರುವ ಗಿಡಗಳ ಮೇಲೆ 6500Kಯ ಕೂಲ್ ಫ್ಲಡ್ ಲೈಟ್, 20 ವ್ಯಾಟ್. ಎಲೆಗಳು ಹಸಿರಾಗಿ ಹೊಳೆಯುತ್ತವೆ. ಬಂದವರೆಲ್ಲ ಬಾಯಿ ಬಿಟ್ಟು ನೋಡುತ್ತಾರೆ.

ನೆರಳು ಬೇಕು: ಮೇಡಂ, ಅರ್ಧ ಸರಿ. ಬೆಟ್ಟ ನೀಲಿಯಾಗಿರುತ್ತದೆ ನಿಜ, ಆದರೆ ಅದು ಮಸುಕಾಗಿಯೂ ಇರುತ್ತದೆ. 20 ವ್ಯಾಟ್ ಫ್ಲಡ್ ಮಸುಕಲ್ಲ. ಒಂದು ನೋಟದಲ್ಲಿ ಯಾವುದು ಜಾಸ್ತಿ ಬೆಳಗುತ್ತದೋ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಬಲ್ಬಿನ ಮುಖವೇ ಕಂಡರಂತೂ ಅದರ ಹಿಂದೆ ಏನಿದೆ ಅಂತ ಗೊತ್ತೇ ಆಗುವುದಿಲ್ಲ. ನಾನು ಈ ಕೆಲಸ ಮಾಡಿಕೊಂಡೇ ಬದುಕುವವನು. ಬಣ್ಣದ ಪ್ರಶ್ನೆ ಎರಡನೆಯದು. ಮೊದಲು ಕೇಳಬೇಕಾದದ್ದು, ಬೆಳಕು ಯಾವುದರ ಮೇಲೆ ಬೀಳಬೇಕು, ಎಲ್ಲಿ ಕತ್ತಲು ಬಿಡಬೇಕು ಅಂತ.

ನಮ್ಮ ಮನೆಯ ಬಾಲ್ಕನಿಯೂ ಕಿರಿದು. ಸೀಲಿಂಗ್ ಲೈಟ್ ಬಟ್ಟೆ ಒಣಹಾಕುವಾಗ ಮಾತ್ರ. ಸಂಜೆಗೆ ಬೇರೆ ಮೂರು ಲೈಟ್‌ಗಳಿವೆ, ಎಲ್ಲ 3 ವ್ಯಾಟ್, 2700K. ಎರಡು ಕೊನೆಯ ಮೋಟುಗೋಡೆಯ ಹತ್ತಿರ, ದೊಡ್ಡ ಕುಂಡಗಳ ಹಿಂದೆ ನೆಲದ ಮೇಲಿವೆ. ಅವುಗಳ ಮುಖ ಗೋಡೆಯ ಕಡೆ. ಗೋಡೆ ಬೆಳಗುತ್ತದೆ, ಮುಂದಿನ ಎಲೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಹಾಲ್‌ನಲ್ಲಿ ಕೂತವರಿಗೆ ಮೊದಲು ಕಪ್ಪು ಎಲೆ, ಅದರ ಹಿಂದೆ ಬೆಳಕು. ಎರಡು ಪದರ ಸಿಕ್ಕಿತು, ಆಳ ಬಂತು. ಮೂರನೆಯದು ಒಂದು ಪಕ್ಕದ ಗೋಡೆಗೆ, ಮೊಣಕಾಲಿನ ಎತ್ತರದಲ್ಲಿದೆ. ಇನ್ನೊಂದು ಪಕ್ಕಕ್ಕೆ ಏನೂ ಇಲ್ಲ, ಬೇಕೆಂದೇ ಬಿಟ್ಟದ್ದು. ಎರಡೂ ಕಡೆ ಸಮ ಬೆಳಕು ಕೊಟ್ಟರೆ ಮತ್ತೆ ಪೆಟ್ಟಿಗೆಯ ಥರ ಕಾಣುತ್ತದೆ.

ಗಾಜಿನಲ್ಲಿ ಮುಖ ಕಾಣುವುದಕ್ಕೆ ಬಾಲ್ಕನಿ ಲೈಟ್ ಅಲ್ಲ, ಹಾಲ್ ಲೈಟ್ ಕಾರಣ. ಒಳಗಿನ ಬೆಳಕು ಹೊರಗಿಗಿಂತ ಜಾಸ್ತಿಯಾದರೆ ಗಾಜು ಕನ್ನಡಿಯೇ. ಹಾಲ್ ಲೈಟ್‌ಗೆ ಡಿಮ್ಮರ್ ಹಾಕಿ, ಇಲ್ಲವೇ ಸಂಜೆ ಮೂಲೆಯ ದೀಪ ಒಂದನ್ನೇ ಉರಿಸಿ.

ಬಿಳಿಗೋಡೆ: "ಪಕ್ಕದ ಗೋಡೆಗೆ ಒಂದು" ಅಂತ ಸುಲಭವಾಗಿ ಬರೆದುಬಿಟ್ಟಿರಿ ಸಾರ್. ನನ್ನ ಕಥೆ ಕೇಳಿ. ಎಲೆಕ್ಟ್ರಿಷಿಯನ್ ಗೋಡೆಯಿಂದ ಆರೇ ಇಂಚು ದೂರದಲ್ಲಿ ಮೇಲ್ಮುಖವಾಗಿ ಲೈಟ್ ಕೂರಿಸಿ ಹೋದ. ರಾತ್ರಿ ಹಾಕಿ ನೋಡಿದರೆ ಕರಣೆ ಎಳೆದ ಗುರುತು, ಪುಟ್ಟಿ ಉಬ್ಬು, ಹಳೆಯ ಮೊಳೆಯ ತೂತಿಗೆ ಮೆತ್ತಿದ ತೇಪೆ, ಎಲ್ಲಕ್ಕೂ ಉದ್ದುದ್ದ ನೆರಳು! ಹಗಲಲ್ಲಿ ಅದೇ ಗೋಡೆ ನುಣ್ಣಗಿತ್ತು. ಮತ್ತೆ ಉಜ್ಜಿಸಿ, ಪುಟ್ಟಿ ಹಾಕಿಸಿ, ಎರಡು ಕೋಟ್ ಬಣ್ಣ ಬಳಿಸಿದೆ. ಆ ಕೂಲಿಯಲ್ಲಿ ಲೈಟ್‌ಗಳನ್ನು ಇನ್ನೊಂದು ಸಲ ಕೊಳ್ಳಬಹುದಿತ್ತು. ಆಮೇಲೂ ಉಬ್ಬು ಪೂರ್ತಿ ಹೋಗಲಿಲ್ಲ.

ನೆರಳು ಬೇಕು: ಅಷ್ಟು ಹತ್ತಿರ ಇಡುವುದು ಕಲ್ಲು, ಇಟ್ಟಿಗೆಯ ಗೋಡೆಗೆ. ಅಲ್ಲಿ ಆ ನೆರಳೇ ಚೆಂದ. ನುಣುಪು ಗೋಡೆಗೆ ಎರಡು ಅಡಿಯಾದರೂ ದೂರ ಬಿಡಬೇಕು, ಆಗ ಬೆಳಕು ನೇರವಾಗಿ ಬಿದ್ದು ಉಬ್ಬು ಅಡಗುತ್ತದೆ. ಪುಟ್ಟಿ ಬೇಕಿರಲಿಲ್ಲ, ಲೈಟ್ ಹಿಂದಕ್ಕೆ ಎಳೆದಿದ್ದರೆ ಸಾಕಿತ್ತು.

ಬಿಳಿಗೋಡೆ: 5 ಅಡಿ ಬಾಲ್ಕನಿಯಲ್ಲಿ ಎರಡು ಅಡಿ ಹಿಂದಕ್ಕೆ ಎಳೆದರೆ ನಾನೆಲ್ಲಿ ನಿಲ್ಲಲಿ?

ಹುಳದ ಕಾಟ: ವಾರ್ಮ್ ಲೈಟಲ್ಲಿ ಪೇಪರ್ ಓದಿದರೆ ಐದೇ ನಿಮಿಷಕ್ಕೆ ನಿದ್ದೆ. ಆದರೂ ನಾನು ವಾರ್ಮ್‌ಗೇ ಬಂದೆ. ಕೂಲ್ ಲೈಟ್ ಇದ್ದಾಗ ಮಳೆ ಶುರುವಾದ ವಾರ ರೆಕ್ಕೆ ಹುಳ ಬಂದು ಬೆಳಗ್ಗೆ ಗುಡಿಸಿ ಸಾಕಾಗುತ್ತಿತ್ತು. ಬಲ್ಬ್ ಬದಲಿಸಿದ ಮೇಲೆ ಒಂದೂ ಇಲ್ಲ.

ಟೆರೇಸ್ ತೋಟ: ಒಂದೂ ಇಲ್ಲವಂತೆ! ಹುಳಕ್ಕೆ ಕೆಲ್ವಿನ್ ಓದಲು ಬರುತ್ತದಾ?

ನೆರಳು ಬೇಕು: ನೀಲಿ ಅಂಶ ಜಾಸ್ತಿ ಇದ್ದರೆ ಹುಳ ಜಾಸ್ತಿ, ಅದು ನಿಜ. ವಾರ್ಮ್‌ಗೆ ಕಡಿಮೆ ಬರುತ್ತವೆ. ಒಂದೂ ಬರುವುದಿಲ್ಲ ಅನ್ನುವುದು ಉತ್ಪ್ರೇಕ್ಷೆ. ಮೇಡಂ, ನಿಮ್ಮ ಹಸಿರಿನ ಮಾತು ಒಪ್ಪುತ್ತೇನೆ. 2700Kಯಲ್ಲಿ ಎಲೆ ಸ್ವಲ್ಪ ಹಳದಿಗೆ ತಿರುಗಿದ ಹಾಗೆ ಕಾಣುತ್ತದೆ. ದೂರದ ಗಿಡಕ್ಕೆ ಮಾತ್ರ 4000K, ಅದೂ ಮಂದವಾಗಿ, ಕೊಡಬಹುದು. ಆದರೆ ಒಂದೇ ಗೋಡೆಯ ಮೇಲೆ ಎರಡು ಬಣ್ಣ ಬೆರೆಯಬಾರದು, ಬೆರೆತರೆ ಗೋಡೆಗೆ ಕಲೆ ಹಿಡಿದ ಹಾಗೆ ಕಾಣುತ್ತದೆ. ಪಕ್ಕದಲ್ಲೇ ವಾರ್ಮ್ ಇದ್ದರೆ 4000K ಕೂಡ ಕಣ್ಣಿಗೆ ನೀಲಿಯೇ. 6500Kಗೆ ಹೋಗುವ ಅಗತ್ಯವೇ ಇಲ್ಲ.

ಸ್ಟ್ರಿಪ್ ಪ್ರಿಯ: ಇಷ್ಟೆಲ್ಲ ಯಾಕೆ? ಮೋಟುಗೋಡೆಯ ಸುತ್ತ ಎಲ್‌ಇಡಿ ಸ್ಟ್ರಿಪ್ ಎಳೆದುಬಿಡಿ. ನಮ್ಮ ಟೆರೇಸ್‌ಗೆ 10 ಮೀಟರ್ ಹಾಕಿಸಿದ್ದೇನೆ, 12 ವೋಲ್ಟ್. ಸ್ಟ್ರಿಪ್‌ಗೆ ಕರೆಂಟ್ ಕೊಡುವ ಡ್ರೈವರ್ ಎರಡು ಸಲ ಸುಟ್ಟುಹೋಯಿತು ಅಷ್ಟೇ. ಮೊದಲನೆಯದನ್ನು ಅಂಗಡಿಯವರು ವಾರಂಟಿಯಲ್ಲಿ ಬದಲಿಸಿಕೊಡಲೂ ಇಲ್ಲ, ಬಿಸಿಲಿಗೆ ಇಟ್ಟದ್ದು ನಮ್ಮದೇ ತಪ್ಪಂತೆ. ಮಾರುವಾಗ "ಎಲ್ಲಿ ಬೇಕಾದರೂ ಇಡಿ" ಅಂದಿದ್ದು ಅವರೇ! ಸ್ಟ್ರಿಪ್ ಕತ್ತರಿಸಿದ ತುದಿಗೆ ನೀರು ಇಳಿದು ಒಂದು ತುಂಡು ಹಸಿರು ಕಿಲುಬು ಹಿಡಿಯಿತು. ಅದರ ಡಬ್ಬದ ಮೇಲೆ ನೀರು ತಡೆಯುತ್ತದೆ ಅನ್ನುವ IP65 ಗುರುತು ಬೇರೆ ಇತ್ತು. ಕೊನೆಯ ಮೂರು ಮೀಟರ್ ಯಾವಾಗಲೂ ಸ್ವಲ್ಪ ಮಂಕು.

ನೆರಳು ಬೇಕು: IP65 ಕಾರ್ಖಾನೆಯಲ್ಲಿ ಮುಚ್ಚಿದ ತುದಿಗೆ ಮಾತ್ರ. ಕತ್ತರಿಸಿದ ಮೇಲೆ ಎಂಡ್ ಕ್ಯಾಪ್ ಹಾಕಿ ಸಿಲಿಕೋನ್ ತುಂಬಬೇಕು. ಮಂಕಾಗುವುದು ವೋಲ್ಟೇಜ್ ಇಳಿಯುವುದರಿಂದ. 10 ಮೀಟರನ್ನು ಐದೈದು ಮಾಡಿ, ಡ್ರೈವರ್‌ನಿಂದ ಎರಡಕ್ಕೂ ಬೇರೆ ಬೇರೆ ವೈರ್ ಎಳೆಯಿರಿ. ಆದರೆ ಸುತ್ತ ಸ್ಟ್ರಿಪ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಜಾಗ ಎಲ್ಲಿ ಮುಗಿಯುತ್ತದೆ ಅಂತ ಗೆರೆ ಎಳೆದು ತೋರಿಸಿದ ಹಾಗೆ. ಚಿಕ್ಕ ಜಾಗ ಇನ್ನೂ ಚಿಕ್ಕದಾಗಿ ಕಾಣುತ್ತದೆ.

ಸ್ಟ್ರಿಪ್ ಪ್ರಿಯ: ನಮ್ಮ ಟೆರೇಸ್ ನೋಡದೆ ಚಿಕ್ಕದು ಅಂದಿರಲ್ಲ, ಭಲೇ. ನಮಗೆ ಇಷ್ಟ, ಹಾಕಿಸಿದ್ದೇವೆ.

ಹೊಸ ಬಾಲ್ಕನಿ: ಎಲ್ಲರಿಗೂ ಥ್ಯಾಂಕ್ಸ್. ಕುಂಡಗಳ ಹಿಂದೆ ಇಡುವುದು ಇಷ್ಟ ಆಯಿತು. ಕೊರೆಯುವ ಮುಂಚೆ ಹೇಗೆ ಕಾಣುತ್ತದೆ ಅಂತ ನೋಡಲು ಆಗುತ್ತದಾ? ನಮ್ಮದು ಗೋಡೆಯಲ್ಲ, ಕಂಬಿಯ ರೇಲಿಂಗ್.

ನೆರಳು ಬೇಕು: ಮೊದಲೇ ಹೇಳಬಾರದಿತ್ತೇ! ರೇಲಿಂಗ್ ಆದರೆ ಬೆಳಕು ಹಿಡಿಯಲು ಗೋಡೆ ಇಲ್ಲ, ಎಲ್ಲ ಹೊರಗೆ ಹೋಗಿ ಎದುರು ಮನೆಯವರ ಕಣ್ಣಿಗೆ ಹೊಡೆಯುತ್ತದೆ. ಲೈಟ್ ರೇಲಿಂಗ್‌ಗೆ ಬೆನ್ನು ಮಾಡಿರಲಿ, ನೆಲದಿಂದ ಓರೆಯಾಗಿ ಎಲೆಗಳ ಅಡಿಗೆ ಬೀಳಲಿ. ಮುಂದೊಂದು ಕುಂಡ ಅಡ್ಡ ಇಡಿ, ಇಲ್ಲದಿದ್ದರೆ ಹಾಲ್‌ನವರಿಗೆ ಬಲ್ಬ್ ಕಾಣುತ್ತದೆ. ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಇಟ್ಟು, ಹಾಲ್ ಲೈಟ್ ಆರಿಸಿ, ಸೋಫಾದಲ್ಲಿ ಕೂತು ನೋಡಿ. ಟಾರ್ಚ್ ಬೆಳಕು ಬಿಳಿ, ಬಣ್ಣ ಗೊತ್ತಾಗದು. ಜಾಗ ಸರಿಯೋ ಅಲ್ಲವೋ ಗೊತ್ತಾಗುತ್ತದೆ.

ಟೆರೇಸ್ ತೋಟ: ಅಂತೂ ದೂರದ ಗಿಡಕ್ಕೆ ವಾರ್ಮ್ ಅಂತ ಮಾತ್ರ ನೀವು ಹೇಳಲಿಲ್ಲ, ಗಮನಿಸಿದ್ದೇನೆ.

ಬಿಳಿಗೋಡೆ: ಪುಟ್ಟಿ ಉಜ್ಜುವವರ ಪರಿಚಯ ಯಾರಿಗಾದರೂ ಇದೆಯಾ? ನಿಜವಾಗಿ ಕೇಳುತ್ತಿದ್ದೇನೆ.