2300 ವ್ಯಾಟ್ ಕಟ್‌ಆಫ್ ಮೆಷಿನ್‌ಗೆ ಎಕ್ಸ್‌ಟೆನ್ಶನ್: ಬೋರ್ಡ್ ಕರಗಿದೆ, ಎಂಸಿಬಿ ಬೀಳಲೇ ಇಲ್ಲ

ಶೆಡ್ ಮಂಜು (ಲಗ್ಗೆರೆ)

ಎಲ್ಲರಿಗೂ ನಮಸ್ಕಾರ. ಮನೆ ಪಕ್ಕದ ಶೀಟ್ ಶೆಡ್‌ನಲ್ಲಿ ಭಾನುವಾರ ಕಬ್ಬಿಣದ ಕೆಲಸ ಮಾಡುತ್ತೇನೆ. 14 ಇಂಚಿನ ಕಟ್‌ಆಫ್ ಮೆಷಿನ್ ಇದೆ, 2300 ವ್ಯಾಟ್. ಶೆಡ್‌ನಲ್ಲಿ ಪಾಯಿಂಟ್ ಇಲ್ಲ. ಅದಕ್ಕೆ ಮನೆಯ ಪವರ್ ಪ್ಲಗ್‌ನಿಂದ 20 ಮೀಟರ್ ಎಕ್ಸ್‌ಟೆನ್ಶನ್ ನಾನೇ ಮಾಡಿಕೊಂಡಿದ್ದೆ. 1 ಸ್ಕ್ವೇರ್ ಎಂಎಂ ತ್ರೀ ಕೋರ್ ವೈರ್, ಕೊನೆಗೆ ನಾಲ್ಕು ಸಾಕೆಟ್ ಇರುವ ಪ್ಲಾಸ್ಟಿಕ್ ಬೋರ್ಡ್. ಎರಡು ತಿಂಗಳು ನಡೆಯಿತು.

ನಿನ್ನೆ ಸ್ಕ್ವೇರ್ ಪೈಪ್ ಕತ್ತರಿಸುವಾಗ ಮೀನು ಸುಟ್ಟ ಹಾಗೆ ವಾಸನೆ ಬಂತು. ಆಫ್ ಮಾಡಿ ನೋಡಿದರೆ ಬೋರ್ಡ್ ಹಿಂಭಾಗ ಮೆತ್ತಗಾಗಿದೆ, ವೈರ್ ಒಳಗೆ ಬರುವ ಜಾಗ ಕಪ್ಪಾಗಿದೆ. 16 ಆಂಪ್ಸ್ ಎಂಸಿಬಿ ಬೀಳಲೇ ಇಲ್ಲ. ಬೋರ್ಡ್ ಮಾತ್ರ ಬದಲಾಯಿಸಿದರೆ ಸಾಕಾ, ವೈರೂ ಬದಲಾಯಿಸಬೇಕಾ?

ಕಿಟ್ಟಿ ವುಡ್‌ವರ್ಕ್ಸ್

ವೈರ್ ಸಣ್ಣದಾಯ್ತು ಗುರು. 4 ಸ್ಕ್ವೇರ್ ಎಂಎಂ ಹಾಕಿಬಿಡಿ, ಜನ್ಮದಲ್ಲಿ ಬಿಸಿಯಾಗಲ್ಲ. ತುದಿಯ ಎಳೆಗಳಿಗೆ ಸೋಲ್ಡರ್ ಹಾಕಿ ಗಟ್ಟಿ ಮಾಡಿಕೊಳ್ಳಿ. ನಾನು ಹಾಗೇ ಮಾಡೋದು.

ಪೀಣ್ಯ ವೈಂಡರ್

ಮಂಜು ಅವರೇ, ಆ ಬೋರ್ಡ್ ಮತ್ತೆ ಹಾಕಬೇಡಿ. ಎರಡು ವಿಷಯ ಹೇಳಿ. ಕೆಲಸದ ಮಧ್ಯೆ ಪ್ಲಗ್ ಕಿತ್ತು ವೈರ್ ಮುಟ್ಟಿ ನೋಡಿದ್ದೀರಾ, ಉದ್ದಕ್ಕೂ ಬಿಸಿಯಿತ್ತಾ, ಒಂದೇ ಜಾಗದಲ್ಲಾ? ಮೀಟರ್ ಇಟ್ಟು ವೋಲ್ಟೇಜ್ ನೋಡಿದ್ದೀರಾ?

ಶೆಡ್ ಮಂಜು (ಲಗ್ಗೆರೆ)

ನೋಡಿದ್ದೆ ಸರ್. ಮೆಷಿನ್ ಯಾಕೋ ಎಳೆಯುತ್ತಿಲ್ಲ ಅನ್ನಿಸಿ ಹೋದ ವಾರ ಅಳೆದಿದ್ದೆ. ಮೆಷಿನ್ ಆಫ್ ಇದ್ದಾಗ ಮನೆಯಲ್ಲಿ 228 ವೋಲ್ಟ್. ಪೈಪ್ ಕತ್ತರಿಸುವಾಗ ಅದೇ ಸ್ವಿಚ್‌ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ 219. ಶೆಡ್‌ನ ಬೋರ್ಡಿನಲ್ಲಿ ಖಾಲಿ ಇದ್ದ ಸಾಕೆಟ್‌ನಲ್ಲಿ 205. ವೈರ್ ಉದ್ದಕ್ಕೂ ಬೆಚ್ಚಗಿತ್ತು ಅಷ್ಟೆ. ಬೋರ್ಡ್ ಮಾತ್ರ ಕೈ ಇಡೋಕೆ ಆಗುತ್ತಿರಲಿಲ್ಲ.

ಪೀಣ್ಯ ವೈಂಡರ್

ಉತ್ತರ ನಿಮ್ಮ ಅಳತೆಯಲ್ಲೇ ಇದೆ. ನಿಮ್ಮ ಮೆಷಿನ್ ಸುಮಾರು 10 ಆಂಪ್ಸ್ ಎಳೆಯುತ್ತದೆ. 1 ಸ್ಕ್ವೇರ್ ಎಂಎಂ ತಾಮ್ರದ ವೈರ್ ಕಿಲೋಮೀಟರಿಗೆ 19.5 ಓಮ್. 20 ಮೀಟರ್ ಹೋಗಬೇಕು, 20 ಮೀಟರ್ ವಾಪಸ್ ಬರಬೇಕು. ಒಟ್ಟು 40 ಮೀಟರ್, ಅಂದರೆ 0.78 ಓಮ್. 10 ಆಂಪ್ಸ್‌ಗೆ ವೈರ್ ತಿನ್ನುವುದು ಸುಮಾರು 8 ವೋಲ್ಟ್.

ಆದರೆ ನಿಮ್ಮಲ್ಲಿ 219ರಿಂದ 205ಕ್ಕೆ ಇಳಿದಿದೆ, 14 ವೋಲ್ಟ್. ವೈರ್ 8 ತಿಂದರೆ ಉಳಿದ 6 ವೋಲ್ಟ್ ಎಲ್ಲಿ ಹೋಯ್ತು? ಜಾಯಿಂಟ್‌ಗಳಲ್ಲಿ. ಪ್ಲಗ್ ಟಾಪ್‌ನ ಸ್ಕ್ರೂ, ಬೋರ್ಡಿನ ಸ್ಕ್ರೂ, ಒಳಗಿನ ತೆಳು ಪಟ್ಟಿ. 6 ವೋಲ್ಟ್, 10 ಆಂಪ್ಸ್ ಅಂದರೆ 60 ವ್ಯಾಟ್. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟ್ ಇರುತ್ತದೆ. ಅಂಥ ಎರಡು ಐರನ್‌ಗಿಂತ ಜಾಸ್ತಿ ಶಾಖ ಆ ಜಾಯಿಂಟ್‌ಗಳಲ್ಲಿ ಹುಟ್ಟುತ್ತಿತ್ತು. ನಿಮ್ಮ ಕೈಗೆ ಸಿಕ್ಕ ಬಿಸಿ ನೋಡಿದರೆ ಹೆಚ್ಚಿನ ಪಾಲು ಬೋರ್ಡಿನಲ್ಲೇ. ವೈರಿನಲ್ಲೂ 80 ವ್ಯಾಟ್ ಶಾಖ ಇತ್ತು, ಆದರೆ ಅದು 20 ಮೀಟರ್ ಉದ್ದಕ್ಕೆ ಹರಡಿಹೋಯ್ತು. ಅದಕ್ಕೇ ಬರೀ ಬೆಚ್ಚಗೆ.

ಎಂಸಿಬಿ ಯಾಕೆ ಬೀಳಲಿಲ್ಲ ಅಂದರೆ, ಅದು ನೋಡುವುದು ಕರೆಂಟನ್ನು. 10 ಆಂಪ್ಸ್ ಅದಕ್ಕೆ ಮಾಮೂಲಿ. ದೂರದಲ್ಲಿ ಸ್ಕ್ರೂ ಸಡಿಲ ಆಗಿರುವುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ವೈರ್ 2.5 ಮಾಡಿಕೊಳ್ಳಿ, ಅದರ ನಷ್ಟ ಸುಮಾರು 3 ವೋಲ್ಟ್‌ಗೆ ಇಳಿಯುತ್ತದೆ. ಆದರೆ ಹಳೇ ಥರದ್ದೇ ಬೋರ್ಡ್ ಹಾಕಿದರೆ ಅದೂ ಕರಗುತ್ತದೆ.

ಉಷಾ ಟೈಲ್ಸ್

ನನ್ನದೂ ಇದೇ ಕಥೆ. ಡ್ರಮ್‌ಗೆ ಸುತ್ತಿರುವ 30 ಮೀಟರ್ ವೈರ್, ಟೈಲ್ ಕಟರ್‌ಗೆ ಹತ್ತು ಮೀಟರ್ ಮಾತ್ರ ಎಳೆದುಕೊಂಡು ದಿನವಿಡೀ ಕೆಲಸ ಮಾಡಿದೆವು. ಡ್ರಮ್ ಒಳಗಿನ ವೈರ್ ಒಂದಕ್ಕೊಂದು ಅಂಟಿಕೊಂಡಿದೆ. ನಾನೂ ಸಾಕೆಟ್ ಬದಲಾಯಿಸಲಾ?

ಪೀಣ್ಯ ವೈಂಡರ್

ಮೇಡಂ, ನಿಮ್ಮದು ಬೇರೆ. ಸುತ್ತಿಟ್ಟ ವೈರಿನ ಶಾಖ ಹೊರಗೆ ಹೋಗಲು ದಾರಿ ಇಲ್ಲ, ಒಳಗಿನ ಸುತ್ತು ಬೇಯುತ್ತದೆ. ಎಷ್ಟೇ ಹತ್ತಿರದ ಕೆಲಸ ಇರಲಿ, ಡ್ರಮ್ ಪೂರ್ತಿ ಬಿಚ್ಚಿ ನೆಲಕ್ಕೆ ಹಾಕಿ. ಅಂಟಿಕೊಂಡ ವೈರ್ ಇನ್ನು ಬಳಸಬೇಡಿ, ಒಳಗೆ ಇನ್ಸುಲೇಶನ್ ಹೋಗಿರಬಹುದು.

ಕಿಟ್ಟಿ ವುಡ್‌ವರ್ಕ್ಸ್

ಸರಿ, ಜಾಯಿಂಟ್ ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ಸೋಲ್ಡರ್ ಹಾಕೋದು ಒಳ್ಳೇದೇ ಅಲ್ವಾ?

ಪೀಣ್ಯ ವೈಂಡರ್

ಎಳೆಗಳು ಚೆದುರಬಾರದು ಅನ್ನುವುದು ಸರಿ. ಆದರೆ ಸೋಲ್ಡರ್ ಮೆತ್ತಗಿನ ಲೋಹ. ಸ್ಕ್ರೂ ಕೆಳಗೆ ಒತ್ತಡ ಬಿದ್ದರೆ ದಿನ ಕಳೆದಂತೆ ಜರುಗುತ್ತದೆ, ಬಿಸಿಯಾದರೆ ಇನ್ನೂ ಬೇಗ. ಇವತ್ತು ಬಿಗಿಯಾಗಿದ್ದ ಸ್ಕ್ರೂ ಮೂರು ತಿಂಗಳಿಗೆ ಸಡಿಲ. ಅದರ ಬದಲು ಪಿನ್ ಟೈಪ್ ಲಗ್ ಹಾಕಿ ಕ್ರಿಂಪ್ ಮಾಡಿ. ಲಗ್ ಇಲ್ಲದಿದ್ದರೆ ಎಳೆಗಳನ್ನು ಬಿಗಿಯಾಗಿ ಹೊಸೆದು, ಅಷ್ಟನ್ನೂ ತೂತಿಗೆ ಹಾಕಿ. ಹೋಗುತ್ತಿಲ್ಲ ಅಂತ ನಾಲ್ಕು ಎಳೆ ಕತ್ತರಿಸುವವರಿದ್ದಾರೆ, ಅದು ಮಾಡಲೇಬೇಡಿ. 4 ಸ್ಕ್ವೇರ್ ಎಂಎಂ ಬೇಡ ಅನ್ನುವುದಕ್ಕೂ ಇದೇ ಕಾರಣ. ಸಾಮಾನ್ಯ 16 ಆಂಪ್ಸ್ ಪ್ಲಗ್ ಟಾಪ್ ಒಳಗೆ ಅಷ್ಟು ದಪ್ಪದ ತ್ರೀ ಕೋರ್ ನೆಮ್ಮದಿಯಾಗಿ ಕೂರುವುದಿಲ್ಲ.

ಕೊನೆಗೆ ಮೆಟಲ್ ಬಾಕ್ಸ್, ಅದರಲ್ಲಿ ಒಂದೇ ಒಂದು 16 ಆಂಪ್ಸ್ ಸಾಕೆಟ್. ವೈರ್ ಒಳಬರುವ ಕಡೆ ಕೇಬಲ್ ಗ್ಲ್ಯಾಂಡ್ ಇರಲಿ, ಎಳೆದರೆ ಭಾರ ಸ್ಕ್ರೂ ಮೇಲೆ ಬೀಳಬಾರದು. ಪ್ಲಗ್ ಟಾಪ್ ಒಳಗೆ ಹಸಿರು ಅರ್ತ್ ವೈರ್ ಮಿಕ್ಕ ಎರಡಕ್ಕಿಂತ ಒಂದು ಬೆರಳಷ್ಟು ಉದ್ದ ಬಿಡಿ. ಯಾರಾದರೂ ಎಡವಿ ವೈರ್ ಕಿತ್ತುಬಂದರೆ ಅರ್ತ್ ಕೊನೆಗೆ ಬಿಡಬೇಕು. ಬಾಕ್ಸಿಗೂ ಅರ್ತ್ ಕೊಡಿ. ಮನೆಯಲ್ಲಿ ಕರೆಂಟ್ ಸೋರಿದರೆ ಕಟ್ ಮಾಡುವ 30 ಮಿಲಿ ಆಂಪ್ಸ್ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದು ಹಾಕಿಸಿ, ಶೆಡ್‌ನ ನೆಲ ಮಳೆಗಾಲದಲ್ಲಿ ಒದ್ದೆ ಇರುತ್ತದೆ.

ಕಿಟ್ಟಿ ವುಡ್‌ವರ್ಕ್ಸ್

ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಇದಕ್ಕಿಂತ ಗಟ್ಟಿ. ಯಾಕೆ ಹೇಳಲಿಲ್ಲ?

ಪೀಣ್ಯ ವೈಂಡರ್

ಗಟ್ಟಿ ಹೌದು. ಆದರೆ ಮೆಷಿನ್ ಪ್ಲಗ್ಗೂ ಬದಲಾಯಿಸಬೇಕು. ಆಮೇಲೆ ಅದೇ ಮೆಷಿನ್ ಮನೆಯ ಸಾಕೆಟ್‌ಗೆ ಹೋಗಲ್ಲ ಅಂತ ಯಾರೋ ಅಡಾಪ್ಟರ್ ಮಾಡುತ್ತಾರೆ. ಒಂದೇ ಜಾಗದಲ್ಲಿ ಇರುವ ಮೆಷಿನ್ ಆದರೆ ನಾನೂ ನೀಲಿಯದನ್ನೇ ಹಾಕುತ್ತೇನೆ.

ಶೆಡ್ ಮಂಜು (ಲಗ್ಗೆರೆ)

ಎಸ್‌ಪಿ ರೋಡಿಗೆ ಹೋಗಿ ಬಂದೆ. ಮೊದಲ ಅಂಗಡಿಯಲ್ಲಿ 2.5 ಅಂತ ಕೊಟ್ಟ ವೈರ್ ಕೈಗೆ ಹಗುರ ಅನ್ನಿಸಿತು. ತುದಿ ಸುಲಿದು ಒಂದು ಎಳೆ ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ! ತಾಮ್ರ ಬಳಿದ ಅಲ್ಯೂಮಿನಿಯಂ. ಬೇರೆ ಕಡೆ ಐಎಸ್ 694 ಅಂತ ಅಚ್ಚಾಗಿರುವ ವೈರ್ ತಗೊಂಡೆ. ಕೆರೆದರೆ ಒಳಗೂ ಕೆಂಪು. ಎಳೆ ಎಣಿಸಿದೆ, 50 ಇತ್ತು.

ನೀವು ಹೇಳಿದ ಹಾಗೇ ಬಾಕ್ಸ್, ಗ್ಲ್ಯಾಂಡ್, ಲಗ್ ಹಾಕಿದೆ. ಕರೆಂಟ್ ಕೊಡುವ ಮೊದಲು ಪ್ಲಗ್‌ನ ಅರ್ತ್ ಪಿನ್‌ನಿಂದ ಬಾಕ್ಸ್‌ಗೆ ಮೀಟರ್ ಇಟ್ಟು ಬೀಪ್ ಬರುತ್ತಾ ನೋಡಿದೆ, ಬಂತು. ಆರ್‌ಸಿಸಿಬಿ ಮನೆಯಲ್ಲಿ ಮೊದಲೇ ಇತ್ತು. ಒಂದೇ ಸಾಕೆಟ್ ಆದ್ದರಿಂದ ಅಳೆಯಲು ಜಾಗ ಇರಲಿಲ್ಲ. ಹಾಗಾಗಿ ಬಾಕ್ಸ್‌ನಲ್ಲಿ ಸಣ್ಣ ವೋಲ್ಟ್‌ಮೀಟರ್ ಕೂರಿಸಿದೆ. ಪೈಪ್ ಕತ್ತರಿಸುವಾಗ ಮನೆಯಲ್ಲಿ 219, ಬಾಕ್ಸ್‌ನಲ್ಲಿ 215. ಹತ್ತು ನಿಮಿಷ ಕತ್ತರಿಸಿ, ಪ್ಲಗ್ ಕಿತ್ತು ಪಿನ್ ಮುಟ್ಟಿದೆ, ಸ್ವಲ್ಪ ಬೆಚ್ಚಗಷ್ಟೆ.

ಪೀಣ್ಯ ವೈಂಡರ್

ಚೆನ್ನಾಗಿದೆ. ವೈರ್‌ಗೆ 3, ಜಾಯಿಂಟ್‌ಗೆ 1. ಒಂದು ವಾರ ಕೆಲಸ ಆದ ಮೇಲೆ ಪ್ಲಗ್ ಕಿತ್ತಿಟ್ಟು ಎಲ್ಲ ಸ್ಕ್ರೂ ಒಂದು ಸಲ ಬಿಗಿ ಮಾಡಿ.

ನನಗೆ ಇನ್ನೂ ಚಿಂತೆ ಇರುವುದು ಮನೆಯೊಳಗಿನ 9 ವೋಲ್ಟ್. ಮೆಷಿನ್ ಹಾಕಿದಾಗ 228ರಿಂದ 219ಕ್ಕೆ ಬೀಳುವುದು ಜಾಸ್ತಿಯೇ. ಪಾಯಿಂಟ್‌ಗೆ ಸಣ್ಣ ವೈರ್ ಎಳೆದಿರಬಹುದು, ಎಂಸಿಬಿಗಳಿರುವ ಡಿಬಿಯಲ್ಲಿ ನ್ಯೂಟ್ರಲ್ ಸಡಿಲ ಇರಬಹುದು, ಕಂಬದಿಂದಲೇ ಬೀಳುತ್ತಿರಬಹುದು. ಮೆಷಿನ್ ಓಡುವಾಗ ಡಿಬಿ ಹತ್ತಿರ ಎಷ್ಟಿದೆ ಅಂತ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಮೀಟರ್ ಟರ್ಮಿನಲ್ ಸೀಲ್ ಆಗಿರುತ್ತದೆ, ಅದು ಬೆಸ್ಕಾಂನವರದು, ನೀವು ಬಿಚ್ಚಬೇಡಿ.

ಶೆಡ್ ಮಂಜು (ಲಗ್ಗೆರೆ)

ಬಾಡಿಗೆ ಮನೆ ಸರ್, ಓನರ್ ಹತ್ತಿರ ಕೇಳಬೇಕು. ಎಲೆಕ್ಟ್ರಿಷಿಯನ್ ಶನಿವಾರ ಬರುತ್ತೇನೆ ಅಂದಿದ್ದಾರೆ. ಅಳೆದ ಮೇಲೆ ಇಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ ಮೆಷಿನ್ ಮುಟ್ಟಲ್ಲ.