ಅಪ್‌ಡೇಟ್: ಎರಡು ಸೂಚಕ, ಎರಡು ರೀಡಿಂಗ್ – ಕಾರಣ ಕಾರ್ಬೊನೇಟ್

ನಾನು ಮೊದಲು ಕೇಳಿದ್ದು: ಕೆಎಚ್‌ಪಿ, ಅಂದರೆ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್, ಬಳಸಿ ಸ್ಟ್ಯಾಂಡರ್ಡೈಸ್ ಮಾಡಿದ 0.1 M NaOH, ಒಂದೇ HCl ದ್ರಾವಣಕ್ಕೆ ಫಿನಾಫ್ಥಲೀನ್‌ನಲ್ಲಿ ಹೆಚ್ಚು, ಮೀಥೈಲ್ ಆರೆಂಜ್‌ನಲ್ಲಿ ಕಡಿಮೆ ಖರ್ಚಾಗುತ್ತಿದೆ. ಯಾಕೆ?

ಕೆಎಚ್‌ಪಿಯನ್ನು 110 ಡಿಗ್ರಿಯಲ್ಲಿ ಮತ್ತೆ ಒಣಗಿಸಿದ್ದರಿಂದ ಏನೂ ಬದಲಾಗಲಿಲ್ಲ. ಕೆಲಸ ಮಾಡಿದ್ದು, ಮೊದಲು 50% NaOH ದ್ರಾವಣ ಮಾಡಿ ಆಮೇಲೆ ತೆಳುಗೊಳಿಸುವ ಸಲಹೆ. ಅಷ್ಟು ಗಾಢ NaOHನಲ್ಲಿ, ಅದರಲ್ಲಿ ಬೆರೆತಿರುವ ಸೋಡಿಯಂ ಕಾರ್ಬೊನೇಟ್ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಮುಚ್ಚಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೆಲವು ದಿನ ಅಲುಗಾಡಿಸದೆ ಇಟ್ಟರೆ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯಲ್ಲಿ 5.3 ಮಿ.ಲೀ. ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ 1 ಲೀಟರ್ ಮಾಡಿದೆ.

0.5105 ಗ್ರಾಂ ಕೆಎಚ್‌ಪಿಗೆ 24.85 ಮಿ.ಲೀ. ಹಿಡಿಯಿತು. ಕೆಎಚ್‌ಪಿಯ ಮೋಲಾರ್ ದ್ರವ್ಯರಾಶಿ 204.22ರಿಂದ ಭಾಗಿಸಿದರೆ 2.500 ಮಿಲಿಮೋಲ್, ಅಂದರೆ 0.1006 M. ಈಗ ಎರಡೂ ಸೂಚಕಗಳ ರೀಡಿಂಗ್ ಹೆಚ್ಚುಕಡಿಮೆ ಒಂದೇ.

ಗೊತ್ತಿರದಿದ್ದ ವಿಷಯವೊಂದಿತ್ತು: ಕಾರ್ಬೊನೇಟ್ ಫಿನಾಫ್ಥಲೀನ್‌ನಲ್ಲಿ ಒಂದೇ ಪ್ರೋಟಾನ್ ಹಿಡಿಯುತ್ತದೆ, ಮೀಥೈಲ್ ಆರೆಂಜ್‌ನಲ್ಲಿ ಎರಡು. ಹಾಗಾಗಿ ಸ್ಟ್ಯಾಂಡರ್ಡೈಸ್ ಮಾಡುವಾಗ ಬಳಸಿದ ಸೂಚಕವನ್ನೇ ಟೈಟ್ರೇಷನ್‌ಗೂ ಬಳಸಿದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.