ಸಹಾಯ ಬೇಕು: ಪ್ರೈವೆಸಿ ಇರುವ ಡೊಮೇನ್ ನಿಂತಿದೆ, ದೃಢೀಕರಣದ ಮೇಲ್ ತಲುಪುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ .com ಡೊಮೇನ್ ಮೊನ್ನೆಯಿಂದ ತೆರೆಯುತ್ತಿಲ್ಲ. ಅವಧಿ ಮುಗಿಯಲು ಇನ್ನೂ 7 ತಿಂಗಳಿದೆ, ಆದರೆ ನೋಂದಣಿ ದಾಖಲೆಯಲ್ಲಿ ಸ್ಟೇಟಸ್ `clientHold` ಎಂದಿದೆ. ಅಂದರೆ ತಡೆದಿರುವುದು ರಿಜಿಸ್ಟ್ರಾರ್.

ಕಾರಣ ಗೊತ್ತಾಗಿದೆ. ಹೊಸ ಕಾರ್ಯದರ್ಶಿ ಬಂದಾಗ ಮಾಲೀಕರ ಹೆಸರು ಬದಲಿಸಿದ್ದೆವು. ಹಾಗೆ ಬದಲಿಸಿದರೆ ಸಂಪರ್ಕದ ಇಮೇಲ್‌ಗೆ ದೃಢೀಕರಣದ ಲಿಂಕ್ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ರಿಜಿಸ್ಟ್ರಾರ್ ತಾನೇ ಬೇರೆ ರೀತಿ ಪರಿಶೀಲಿಸಬೇಕು, ಇಲ್ಲವೇ ಡೊಮೇನ್ ನಿಲ್ಲಿಸಬೇಕು. ಇದು ಐಕ್ಯಾನ್ ನಿಯಮ. ಪ್ರೈವೆಸಿ ಹಾಕಿದ್ದರಿಂದ ಹೊರಗಿನವರಿಗೆ ಮುಸುಕಿನ ವಿಳಾಸ ಕಾಣುತ್ತದೆ, ಅಷ್ಟೇ. ಲಿಂಕ್ ಹೋಗುವುದು ಒಳಗೆ ಕೊಟ್ಟ ನಿಜವಾದ ಇಮೇಲ್‌ಗೆ. ನಮ್ಮದು ಅದೇ ಡೊಮೇನ್‌ನ office@ ವಿಳಾಸ. ಆ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ಈಗ ಡೊಮೇನ್ ಡಿಎನ್‌ಎಸ್‌ನಲ್ಲೇ ಇಲ್ಲ, ಲಿಂಕ್ ಮತ್ತೆ ಕಳಿಸಿದರೂ ತಲುಪುವುದಿಲ್ಲ.

ಅಕೌಂಟ್‌ಗೆ ಲಾಗಿನ್ ಆಗುತ್ತದೆ. ಸಂಪರ್ಕದ ಇಮೇಲನ್ನು ಜಿಮೇಲ್‌ಗೆ ಬದಲಿಸಿದರೆ ಹಳೆಯ ವಿಳಾಸದಿಂದಲೂ ಒಪ್ಪಿಗೆ ಕೇಳುತ್ತಾರಾ? ಫೋನ್ ಅಥವಾ ಸಂಘದ ನೋಂದಣಿ ಪತ್ರ ತೋರಿಸಿ ಬಿಡಿಸಿಕೊಂಡವರು ಇದ್ದಾರಾ? ಬೇರೆ ರಿಜಿಸ್ಟ್ರಾರ್‌ಗೆ ಹೋಗುವ ಯೋಚನೆಯೂ ಇದೆ, ಆದ್ದರಿಂದ 60 ದಿನದ ವರ್ಗಾವಣೆ ತಡೆ ಬೀಳದಂತೆ ಬದಲಾವಣೆಗೆ ಮೊದಲೇ ಎಲ್ಲಿ ಟಿಕ್ ಮಾಡಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.